ಕರಿಜಾಲಿ ಸೇತುವೆ

ಗಂಗಾವತಿ ಸೀಮೆಯ ಒಂದು ಹಳ್ಳಿ. ಊರಿಗೂ ಶಾಲೆಗೂ ನಡುವೆ ಒಂದು ಹಳ್ಳ. ಎಡದಂಡೆ ಕಾಲುವೆಗೆ ತುಂಗಭದ್ರೆಯ ನೀರು ಬಿಟ್ಟರೆ ಭತ್ತದ ಗದ್ದೆಗಳಿಂದ ಬಸಿದ ನೀರೆಲ್ಲ ಆ ಹಳ್ಳಕ್ಕೇ ಬರುತ್ತಿತ್ತು. ದಾಟಲು ಇದ್ದದ್ದು ಎರಡು ದಿಮ್ಮಿ, ಮೇಲೊಂದಿಷ್ಟು ಹಲಗೆ. ಸಂಕ್ರಾಂತಿ ಮುಂದೆ ಅದೂ ಮುರಿದು ಬಿತ್ತು. ಆಮೇಲೆ ಮಕ್ಕಳೆಲ್ಲ ಡಾಂಬರು ರಸ್ತೆ ಸುತ್ತಿ ಶಾಲೆಗೆ ನಡೆದರು.

ಬೇಸಿಗೆ ರಜೆಯಲ್ಲಿ ಹಳ್ಳ ಒಣಗಿತು. ಹನುಮೇಶ ಇಳಿದು ಮುರಿದ ದಿಮ್ಮಿ ನೋಡಿದ. ನಡುಭಾಗ ಗಟ್ಟಿಯಾಗೇ ಇತ್ತು. ಮಣ್ಣಲ್ಲಿ ಹೂತಿದ್ದ ತುದಿ ಮಾತ್ರ ಬೆರಳಿಗೆ ಪುಡಿಪುಡಿಯಾಗಿ ಉದುರಿತು. ಅದನ್ನೇ ಹಿಡಿದುಕೊಂಡು ಬಡಿಗೇರ ಮೌನೇಶಪ್ಪಜ್ಜನ ಹತ್ತಿರ ಓಡಿದ.

"ಅಜ್ಜಾ, ತುದಿ ಅಷ್ಟ ಯಾಕ ಕೊಳೀತು?"

"ಪೂರಾ ಒಣಗಿದ ಕಟಗಿ ಕೊಳೆಯೂದಿಲ್ಲಪಾ. ಪೂರಾ ನೀರಾಗ ಮುಳುಗಿದ್ದೂ ಲಗೂನ ಕೊಳೆಯೂದಿಲ್ಲ. ಹಸಿ ಮಣ್ಣು, ಗಾಳಿ ಎರಡೂ ತಾಕ್ತಾವಲ್ಲ, ಅಲ್ಲೇ ಅದಕ್ಕ ಕುತ್ತು."

"ಹಂಗಾದ್ರ ತುದಿ ಮಣ್ಣಾಗ ಹೂಳೂದ ಬ್ಯಾಡ. ಕಲ್ಲಿನ ಮ್ಯಾಲೆ ಇಡೋಣು!"

ಅಜ್ಜ ನಕ್ಕ. ಹಿತ್ತಲಲ್ಲಿ ಬಂಡಿಗೆಂದು ಇಟ್ಟಿದ್ದ ಎರಡು ಕರಿಜಾಲಿ ದಿಮ್ಮಿ ತೋರಿಸಿ, "ಒಯ್ಯಿರಿ. ಉಳಿ ಹಿಡಕೊಂಡು ನಾನೂ ಬರ್ತೀನಿ" ಅಂದ.

ಹನುಮೇಶ, ಶಬಾನಾ, ಯಮನೂರ ಸೇರಿ ಗುಡ್ಡದ ಬುಡದಿಂದ ಚಪ್ಪಟೆ ಕಲ್ಲು ಆರಿಸಿದರು. ಯಮನೂರನ ಅಪ್ಪ ಬಂಡಿ ಹೂಡಿದ. ದಿಮ್ಮಿ ಮಾತ್ರ ಮಿಸುಕಲಿಲ್ಲ. ಎಲ್ಲರೂ ಸೇರಿ ಎಳೆದರೂ ಒಂದು ಗೇಣು ಸರಿಯಲಿಲ್ಲ. ಆಗ ಶಬಾನಾ ಅಲ್ಲೇ ಬಿದ್ದಿದ್ದ ದುಂಡನೆಯ ಬೇವಿನ ಕೋಲುಗಳನ್ನು ಅದರ ಅಡಿಗೆ ತುರುಕಿದಳು. "ಈಗ ನೂಕ್ರಿ!" ದಿಮ್ಮಿ ಗಡಗಡ ಉರುಳುತ್ತ ಹೊರಟಿತು. ಹಿಂದೆ ಉಳಿದ ಕೋಲನ್ನು ಎತ್ತಿ ಮುಂದೆ ಇಡುವ ಕೆಲಸ ಯಮನೂರನದು. ಅವನಿಗೆ ಬೆವರಿಳಿಯಿತು, ನಗೆ ಮಾತ್ರ ನಿಲ್ಲಲಿಲ್ಲ.

ಎರಡೂ ದಂಡೆಗೆ ಕಲ್ಲಿನ ಕಟ್ಟೆ ಕಟ್ಟಿ, ದಿಮ್ಮಿ ಕೂಡಿಸಿದರು. ಅಜ್ಜ ಹಲಗೆ ಕೆತ್ತಿ ಮೊಳೆ ಹೊಡೆದ. ಹಿಡಿದು ನಡೆಯಲು ಹನುಮೇಶ ಗೂಟ ನೆಟ್ಟು ಪುಂಡಿನಾರಿನ ಹಗ್ಗ ಬಿಗಿದ. ಮಧ್ಯಾಹ್ನ ಅವ್ವ ತಂದ ಜೋಳದ ರೊಟ್ಟಿ, ಪುಂಡಿಪಲ್ಲೆ ಕ್ಷಣದಲ್ಲೇ ಖಾಲಿ.

ಮೊದಲು ಅಜ್ಜ, ಯಮನೂರನ ಅಪ್ಪ ಇಬ್ಬರೂ ನಡುವೆ ನಿಂತು ಕುಣಿದು ನೋಡಿದರು. ಸೇತುವೆ ಅಲುಗಲಿಲ್ಲ. ಮಕ್ಕಳೂ ದಾಟಿದರು. ಹನುಮೇಶನ ತಂಗಿ ಗಂಗಿ ಮಾತ್ರ ಈಚೆ ದಂಡೆಯಲ್ಲೇ ನಿಂತಳು.

"ಬಾರವಾ, ಅಂಜಬ್ಯಾಡ."

"ಅಂಜಿಲ್ಲ ಅಣ್ಣಾ. ಹಗ್ಗ ನನಗ ನಿಲುಕಂಗಿಲ್ಲ!"

ಹೌದಲ್ಲ! ಹಗ್ಗ ಅವನ ಎದೆಮಟ್ಟಕ್ಕಿತ್ತು, ಗಂಗಿಯ ತಲೆಗಿಂತ ಮೇಲೆ. ಹನುಮೇಶ ಅವಳನ್ನು ಗೂಟದ ಪಕ್ಕ ನಿಲ್ಲಿಸಿ, ಅವಳ ಕೈ ತಾಕಿದಲ್ಲಿ ಇದ್ದಿಲಿನಿಂದ ಗುರುತು ಹಾಕಿ, ಇನ್ನೊಂದು ಹಗ್ಗ ಕಟ್ಟಿದ.

ಶಾಲೆ ಶುರುವಾದ ದಿನ ಎಲ್ಲರಿಗಿಂತ ಮೊದಲು ಆಚೆ ದಂಡೆ ಸೇರಿದವಳು ಗಂಗಿಯೇ. ಅಲ್ಲಿಂದಲೇ ಕೂಗಿದಳು: "ಅಣ್ಣಾ, ಗಂಟಿ ಹೊಡೀತು, ಓಡ್ರಿ!"