ಶಿಫಾರಸು ಪತ್ರ: ಸಂಶೋಧನಾ ಸ್ನಾತಕೋತ್ತರ ಪದವಿಗೆ ಭಾರ್ಗವಿ ಅವರ ಅರ್ಜಿ

ದಿನಾಂಕ: 12 ಫೆಬ್ರವರಿ 2025

ಇವರಿಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಪ್ರವೇಶ ಸಮಿತಿ,
ಪರಿಸರ ರಸಾಯನಶಾಸ್ತ್ರ ಸಂಶೋಧನಾ ಸ್ನಾತಕೋತ್ತರ ಪದವಿ

ಮಾನ್ಯರೇ,

ತಮ್ಮ ಪದವಿಗೆ ಅರ್ಜಿ ಹಾಕಿರುವ ಭಾರ್ಗವಿ ಅವರ ಬಗ್ಗೆ ಈ ಪತ್ರ. ಅವರನ್ನು ಸೇರಿಸಿಕೊಳ್ಳಿ ಎಂಬುದೇ ನನ್ನ ಅಭಿಪ್ರಾಯ. ಸೇರಿಸಿಕೊಂಡ ಮೇಲೆ ಮಾರ್ಗದರ್ಶಕರು ಗಮನಿಸಬೇಕಾದ ಕೆಲವು ಸಂಗತಿಗಳೂ ಇವೆ, ಅವನ್ನೂ ಮುಚ್ಚಿಡದೆ ಬರೆದಿದ್ದೇನೆ.

ಬಿ.ಎಸ್ಸಿ. ಎರಡನೆಯ ವರ್ಷದಿಂದ ಅವರನ್ನು ಬಲ್ಲೆ. ಭೌತ ರಸಾಯನಶಾಸ್ತ್ರದ ಎರಡು ಪತ್ರಿಕೆಗಳನ್ನು ಅವರ ತರಗತಿಗೆ ಪಾಠ ಮಾಡಿದ್ದೇನೆ, ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ನಾನೇ ಮಾರ್ಗದರ್ಶಕಿ. ಪದವಿ ಮುಗಿದ ಮೇಲೆ ಅವರು ನಮ್ಮ ಪ್ರಯೋಗಾಲಯದಲ್ಲೇ ಸಹಾಯಕಿಯಾಗಿ ಕೆಲಸ ಮಾಡುತ್ತಿದ್ದಾರೆ. ಸಾವಯವ ಸಂಶ್ಲೇಷಣೆಯಲ್ಲಿ ಅವರ ಕೈ ಹೇಗಿದೆ ಎಂಬುದನ್ನು ನಾನು ನೋಡಿಲ್ಲ. ಆ ಬಗ್ಗೆ ಇಲ್ಲಿ ಏನನ್ನೂ ಹೇಳುವುದಿಲ್ಲ.

ಅವರ ಪ್ರಾಜೆಕ್ಟ್ ಮೇಲ್ನೋಟಕ್ಕೆ ತೀರಾ ಸಾಮಾನ್ಯವಾದದ್ದು. ಕೃಷಿ ತ್ಯಾಜ್ಯದಿಂದ ಮಾಡಿದ ಬಯೋಚಾರ್ ಬಳಸಿ ನೀರಿನಿಂದ ಮೆಥಿಲೀನ್ ಬ್ಲೂ ಬಣ್ಣವನ್ನು ತೆಗೆಯುವುದು. ಈ ವಿಷಯದ ಮೇಲೆ ಬಂದಿರುವ ಪ್ರಬಂಧಗಳಿಗೆ ಲೆಕ್ಕವಿಲ್ಲ. ವಿಧಾನವೂ ಎಲ್ಲರಿಗೂ ಗೊತ್ತಿರುವುದೇ: ಬಣ್ಣದ ದ್ರಾವಣಕ್ಕೆ ಬಯೋಚಾರ್ ಹಾಕಿ ಅಲುಗಾಡಿಸಿ, ಸೋಸಿ, ಉಳಿದ ಬಣ್ಣವನ್ನು ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ 664 ನ್ಯಾನೋಮೀಟರ್ ಬಳಿ ಅಳೆಯುವುದು. ಭಾರ್ಗವಿಗೆ ಮೊದಲ ಸುತ್ತಿನಲ್ಲಿ ಸಿಕ್ಕ ಫಲಿತಾಂಶ ಚೆನ್ನಾಗಿಯೇ ಇತ್ತು. ಲೀಟರಿಗೆ 20 ಮಿಲಿಗ್ರಾಂ ಇದ್ದ ಬಣ್ಣ 1.2ಕ್ಕೆ ಇಳಿದಿತ್ತು, ಅಂದರೆ ಶೇ. 94 ನಿವಾರಣೆ. ಪದವಿ ಮಟ್ಟದ ವರದಿಗೆ ಅಷ್ಟು ಸಾಕು. ಹೆಚ್ಚಿನವರು ಅಲ್ಲಿಗೇ ನಿಲ್ಲಿಸಿ ಗ್ರಾಫ್ ಹಾಕಲು ಕೂರುತ್ತಾರೆ.

ಇವರು ಒಂದು ಸಂಜೆ ನನ್ನ ಕೋಣೆಗೆ ಬಂದು ಒಂದು ಫಿಲ್ಟರ್ ಪೇಪರ್ ತೋರಿಸಿದರು. ಅದರ ಅಂಚಿನ ತನಕ ನೀಲಿ ಹರಡಿತ್ತು. "ಮೇಡಂ, ಇದರಲ್ಲಿ ಬಯೋಚಾರ್ ಹಾಕೇ ಇಲ್ಲ. ಬರೀ ಬಣ್ಣದ ನೀರು ಸೋಸಿದ್ದು" ಎಂದರು. ಬಯೋಚಾರ್ ಇಲ್ಲದ ಆ ಫ್ಲಾಸ್ಕಿನ ದ್ರಾವಣ ಸೋಸಿದ ಮೇಲೆ 20ರಿಂದ 17ಕ್ಕೆ ಇಳಿದಿತ್ತು. ಮೆಥಿಲೀನ್ ಬ್ಲೂ ಧನ ಆವೇಶದ ಬಣ್ಣ, ಸೆಲ್ಯುಲೋಸ್ ಕಾಗದಕ್ಕೆ ಸುಲಭವಾಗಿ ಅಂಟಿಕೊಳ್ಳುತ್ತದೆ. ಹಾಗಾದರೆ ಆ ಶೇ. 94ರಲ್ಲಿ ಒಂದು ಪಾಲು ಕಾಗದದ ಕೆಲಸ. ಇಂಥ ಖಾಲಿ ಫ್ಲಾಸ್ಕ್ ಇಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಸೋಸಿದ ಕಾಗದಗಳು ಬಿಸಾಡುವಾಗ ಯಾಕಿಷ್ಟು ನೀಲಿಯಾಗಿವೆ ಎಂಬ ಅನುಮಾನದಿಂದ ತಾವೇ ಇಟ್ಟು ನೋಡಿದ್ದರು.

ಆಮೇಲೆ ಇಡೀ ಸರಣಿಯನ್ನು ಸೋಸದೆ, ಸೆಂಟ್ರಿಫ್ಯೂಜ್ ಮಾಡಿ ಮತ್ತೆ ಮಾಡಿದರು. ಪ್ರತಿ ಅಳತೆಯನ್ನೂ ಮೂರು ಸಲ. ಸೆಂಟ್ರಿಫ್ಯೂಜ್ ಟ್ಯೂಬಿನ ಗೋಡೆಗೆ ಬಣ್ಣ ಅಂಟುವುದೇ ಎಂದು ಅದಕ್ಕೂ ಒಂದು ಖಾಲಿ ಪರೀಕ್ಷೆ. ಹೊಸ ಉತ್ತರ ಶೇ. 81. ವರದಿಯಲ್ಲಿ ಅವರು ಮುಂದಿಟ್ಟದ್ದು ಈ ಸಂಖ್ಯೆಯನ್ನೇ. ಹಳೆಯ 94 ಎಲ್ಲಿಂದ ಬಂತು ಎಂಬುದಕ್ಕೆ ಪ್ರತ್ಯೇಕ ವಿಭಾಗ ಬರೆದರು. ನೀಲಿಯಾದ ಆ ಕಾಗದಗಳು ದಿನಾಂಕದ ಸಮೇತ ಅವರ ಪ್ರಯೋಗ ಪುಸ್ತಕದಲ್ಲಿ ಈಗಲೂ ಅಂಟಿಕೊಂಡಿವೆ. ಕೈಗೆ ಬಂದ ಒಳ್ಳೆಯ ಅಂಕಿಯನ್ನು ತಾನಾಗಿ ಕೆಳಗಿಳಿಸುವ ಮನಸ್ಸು ಪದವಿ ವಿದ್ಯಾರ್ಥಿಗಳಲ್ಲಿ ಅಪರೂಪ. ಪದವಿ ದಾಟಿದವರಲ್ಲೂ ತೀರಾ ಹೇರಳವೇನಲ್ಲ.

ಅಳತೆಗಳು ಸರಿಯಾದ ಮೇಲೆ ಲೆಕ್ಕದ ಸರದಿ. ಲ್ಯಾಂಗ್‌ಮ್ಯೂರ್ ಸಮೀಕರಣವನ್ನು ಸರಳ ರೇಖೆಗೆ ತಿರುಗಿಸಿ, Ce/qe ಮತ್ತು Ce ನಡುವೆ ಗ್ರಾಫ್ ಹಾಕಿ, R² 0.99 ಬಂತೆಂದು ತೃಪ್ತಿಪಡುವುದು ಈ ಕ್ಷೇತ್ರದ ವಾಡಿಕೆ. ಭಾರ್ಗವಿ ಹಾಗೆಯೇ ಶುರುಮಾಡಿದರು. ಎರಡೂ ಅಕ್ಷಗಳಲ್ಲಿ Ce ಇದೆಯಲ್ಲ, ಹಾಗಿದ್ದರೆ ರೇಖೆ ನೇರ ಬರದೆ ಇನ್ನೇನಾಗುತ್ತದೆ ಎಂಬ ಪ್ರಶ್ನೆ ಅವರಿಗೆ ತಾನಾಗಿ ಹೊಳೆಯಿತು. ಪರೀಕ್ಷಿಸಲು ಅವರು ಹಿಡಿದ ದಾರಿ ನನಗೆ ಬಹಳ ಇಷ್ಟವಾಯಿತು. ಅಳೆದ qe ಬೆಲೆಗಳನ್ನು ತಮ್ಮತಮ್ಮಲ್ಲೇ ಅದಲುಬದಲು ಮಾಡಿ, ಅಂದರೆ ದತ್ತಾಂಶವನ್ನು ಬೇಕೆಂದೇ ಕೆಡಿಸಿ, ಅದೇ ಗ್ರಾಫ್ ಹಾಕಿದರು. ರೇಖೆ ಬಹುಮಟ್ಟಿಗೆ ನೇರವಾಗಿಯೇ ಬಂತು. ಅಲ್ಲಿಂದ ಮುಂದೆ ಸರಳ ರೇಖೆಯನ್ನು ಬಿಟ್ಟು, ಪೈಥಾನ್‌ನಲ್ಲಿ `curve_fit` ಬಳಸಿ ಮೂಲ ಸಮೀಕರಣವನ್ನೇ ನೇರವಾಗಿ ಹೊಂದಿಸಿದರು. ಫ್ರಾಯಿಂಡ್ಲಿಶ್ ಸಮೀಕರಣದೊಂದಿಗೆ ಹೋಲಿಸಿ, ನಮ್ಮಲ್ಲಿರುವ ಬಿಂದುಗಳಿಂದ ಎರಡರಲ್ಲಿ ಒಂದನ್ನು ಖಚಿತವಾಗಿ ಆರಿಸಲು ಆಗುವುದಿಲ್ಲ ಎಂದು ಬರೆದರು. ಪೈಥಾನ್ ನಮ್ಮ ಪಠ್ಯಕ್ರಮದಲ್ಲಿ ಇಲ್ಲ, ಸ್ವಂತವಾಗಿ ಕಲಿತದ್ದು. ಅವರು ಬರೆದ ಕೋಡ್ ಅಚ್ಚುಕಟ್ಟಾಗಿದೆ ಎನ್ನಲಾರೆ, ಆದರೆ ಓಡುತ್ತದೆ, ಇನ್ನೊಬ್ಬರು ಓದಿ ಅರ್ಥ ಮಾಡಿಕೊಳ್ಳಬಹುದು.

ಮೌಖಿಕ ಪರೀಕ್ಷೆಯಲ್ಲಿ ಹೊರಗಿನ ಪರೀಕ್ಷಕರು ಬಯೋಚಾರ್‌ನ ರಂಧ್ರಗಳ ಬಗ್ಗೆ ಕೇಳಿದರು. ಆ ಬಿಇಟಿ ಅಳತೆಗೆ ಬೇಕಾದ ಉಪಕರಣ ನಮ್ಮಲ್ಲಿಲ್ಲ. ಅದೇ ಕಚ್ಚಾವಸ್ತುವಿನ ಮೇಲೆ ಬೇರೆಯವರು ಪ್ರಕಟಿಸಿದ ಅಂಕಿಯನ್ನು ಉಲ್ಲೇಖಿಸಿ ಜಾರಿಕೊಳ್ಳಬಹುದಿತ್ತು. ಇವರು, "ಅವರು ಸುಟ್ಟ ಉಷ್ಣತೆ ಬೇರೆ, ನಾವು ಸುಟ್ಟದ್ದು ಬೇರೆ. ನಮ್ಮ ಬಯೋಚಾರ್‌ನ ರಂಧ್ರಗಳ ಬಗ್ಗೆ ನಾನು ಏನೂ ಹೇಳಲಾರೆ" ಎಂದರು. ದನಿ ಸಣ್ಣದಿತ್ತು, ಪರೀಕ್ಷಕರು ಮುಂದೆ ಬಾಗಿ ಕೇಳಿಸಿಕೊಳ್ಳಬೇಕಾಯಿತು. ಉತ್ತರದಲ್ಲಿ ಮಾತ್ರ ಅಳುಕಿರಲಿಲ್ಲ.

ಇನ್ನು ಕೊರತೆಗಳ ವಿಷಯ. ಎಲ್ಲಿ ನಿಲ್ಲಿಸಬೇಕು ಎಂಬುದು ಭಾರ್ಗವಿಗೆ ತಿಳಿಯುವುದಿಲ್ಲ. ಸೆಂಟ್ರಿಫ್ಯೂಜ್ ಸರಣಿ ಮುಗಿದು ವಾದಕ್ಕೆ ಬೇಕಾದುದೆಲ್ಲ ಕೈಯಲ್ಲಿದ್ದಾಗಲೂ ಇನ್ನೊಂದು ಪಿಎಚ್, ಇನ್ನೊಂದು ಉಷ್ಣತೆ ಎಂದು ಸೇರಿಸುತ್ತಲೇ ಹೋದರು. ವರದಿಯ ಗಡುವು ದಾಟಿತು. ಕೊನೆಗೆ ನಾನೇ ಪ್ರಯೋಗ ನಿಲ್ಲಿಸಿ ಬರೆಯಲು ಕೂರಿ ಎಂದು ಹೇಳಬೇಕಾಯಿತು. ಸಂಶೋಧನಾ ಪದವಿಯಲ್ಲಿ ಈ ಸ್ವಭಾವ ತೊಂದರೆ ಕೊಡಬಹುದು. ಮಾರ್ಗದರ್ಶಕರು ಪ್ರತಿ ಹಂತಕ್ಕೂ ಇಲ್ಲಿಗೆ ಸಾಕು ಎಂಬ ಗೆರೆಯನ್ನು ಮೊದಲೇ ಎಳೆದುಕೊಟ್ಟರೆ ಅವರು ಅದನ್ನು ಮೀರುವುದಿಲ್ಲ. ಕಳೆದ ಆರು ತಿಂಗಳ ಕೆಲಸದಲ್ಲಿ ಹಾಗೆ ಮಾಡಿ ನೋಡಿದ್ದೇನೆ, ಗಡುವುಗಳು ತಪ್ಪಿಲ್ಲ.

ಸಹಾಯ ಕೇಳುವುದರಲ್ಲೂ ಅವರು ನಿಧಾನ. ಒಮ್ಮೆ ಸ್ಪೆಕ್ಟ್ರೋಫೋಟೋಮೀಟರಿನ ಓದುಗಳು ಸ್ಥಿರವಾಗಿ ನಿಲ್ಲದೆ ಅಲೆಯತೊಡಗಿದವು. ದ್ರಾವಣ, ಕ್ಯುವೆಟ್, ತೊಳೆಯುವ ನೀರು ಎಲ್ಲವನ್ನೂ ಒಂದೊಂದಾಗಿ ಬದಲಾಯಿಸಿ ದಿನಗಟ್ಟಲೆ ಹುಡುಕಿದರು. ಕೆಟ್ಟಿದ್ದು ಟಂಗ್‌ಸ್ಟನ್ ದೀಪ. ಪಕ್ಕದ ಕೋಣೆಯ ತಂತ್ರಜ್ಞರನ್ನು ಕೇಳಿದ್ದರೆ ನಿಂತ ನಿಲುವಿನಲ್ಲೇ ಹೇಳುತ್ತಿದ್ದರು. ಹುಡುಕಿದ ಕ್ರಮದಲ್ಲಿ ತಪ್ಪಿರಲಿಲ್ಲ, ಒಬ್ಬರೇ ಹುಡುಕಿದ್ದಷ್ಟೇ ತಪ್ಪು. ಈಗ ಈ ವಿಷಯದಲ್ಲಿ ಸ್ವಲ್ಪ ಸುಧಾರಿಸಿದ್ದಾರೆ. ಪೂರ್ತಿ ಅಲ್ಲ.

ಬರವಣಿಗೆ ಇನ್ನೂ ಪಳಗಬೇಕು. ಅವರ ಮೊದಲ ಕರಡಿನಲ್ಲಿ ಉಪಕರಣಗಳ ವಿವರ ಪುಟಗಟ್ಟಲೆ ಬಂದು, ಪ್ರಶ್ನೆ ಏನೆಂಬುದು ಆರನೆಯ ಪುಟದಲ್ಲಿತ್ತು. ಮೂರನೆಯ ಕರಡಿನ ಹೊತ್ತಿಗೆ ಅದು ಮೊದಲ ಪುಟಕ್ಕೆ ಬಂತು. ತಿದ್ದಿದರೆ ತಿದ್ದಿಕೊಳ್ಳುತ್ತಾರೆ, ಮುನಿಸಿಲ್ಲ.

ಅಂಕಪಟ್ಟಿ ತಮ್ಮ ಮುಂದಿದೆ. ಕ್ವಾಂಟಮ್ ರಸಾಯನಶಾಸ್ತ್ರದಲ್ಲಿ 54 ಅಂಕ ಎಂಬುದು ಕಣ್ಣಿಗೆ ಬೀಳದಿರಲಾರದು. ಅದನ್ನು ಆಕಸ್ಮಿಕ ಎಂದು ನಾನು ಸಮರ್ಥಿಸುವುದಿಲ್ಲ, ರೇಖೀಯ ಬೀಜಗಣಿತದಲ್ಲಿ ಅವರ ಬುನಾದಿ ಗಟ್ಟಿಯಿಲ್ಲ. ತಮ್ಮ ಪದವಿಯಲ್ಲಿ ಗಣನಾತ್ಮಕ ರಸಾಯನಶಾಸ್ತ್ರದ ದಾರಿ ಹಿಡಿಯುವುದಾದರೆ ಅವರು ತುಂಬ ಕಷ್ಟಪಡಬೇಕಾಗುತ್ತದೆ, ಆ ದಾರಿಗೆ ನಾನು ಶಿಫಾರಸು ಮಾಡುತ್ತಿಲ್ಲ. ಅವರ ಉದ್ದೇಶ ಪತ್ರದಲ್ಲಿರುವುದು ನೀರಿನಲ್ಲಿರುವ ಮಾಲಿನ್ಯಕಾರಕಗಳ ಅಧಿಶೋಷಣೆ ಮತ್ತು ಅಳತೆ. ಅಲ್ಲಿ ಬೇಕಾದ ಸಂಖ್ಯಾಶಾಸ್ತ್ರ, ಉಷ್ಣಗತಿಶಾಸ್ತ್ರ ಎರಡರಲ್ಲೂ ಅವರ ಹಿಡಿತ ಚೆನ್ನಾಗಿದೆ. ಪ್ರಕಟಿತ ಪ್ರಬಂಧ ಯಾವುದೂ ಇಲ್ಲ. ಫಿಲ್ಟರ್ ಪೇಪರಿನ ಕೆಲಸವನ್ನು ಒಂದು ಸಣ್ಣ ಟಿಪ್ಪಣಿಯಾಗಿ ಬರೆಯುತ್ತಿದ್ದಾರೆ, ಇನ್ನೂ ಎಲ್ಲಿಗೂ ಕಳಿಸಿಲ್ಲ.

ತರಗತಿಯಲ್ಲಿ ಮೊದಲು ಕೈ ಎತ್ತುವವರು ಇವರಲ್ಲ. ಪರೀಕ್ಷೆಯಲ್ಲಿ ಇವರಿಗಿಂತ ಮುಂದಿದ್ದವರು ಅದೇ ತಂಡದಲ್ಲಿ ಹಲವರಿದ್ದರು. ಆದರೆ ಉತ್ತರ ಗೊತ್ತಿಲ್ಲದ ಪ್ರಶ್ನೆಯೊಂದನ್ನು ಒಬ್ಬರ ಕೈಗೆ ಒಪ್ಪಿಸಿ, ಬಂದ ಫಲಿತಾಂಶವನ್ನು ನಾನು ಮತ್ತೆ ಪರಿಶೀಲಿಸದೆ ನಂಬಬೇಕೆಂದರೆ ಆ ತಂಡದಲ್ಲಿ ಭಾರ್ಗವಿಯನ್ನೇ ಆರಿಸುತ್ತೇನೆ. ಸಹಾಯಕಿಯಾಗಿ ಕಿರಿಯರಿಗೆ ಪ್ರಯೋಗ ಹೇಳಿಕೊಡುವಾಗ ಅವರು ಹೆಚ್ಚು ಮಾತಾಡುವುದಿಲ್ಲ, ಮೇಜಿನ ಮೇಲೆ ಸಾಲಾಗಿಟ್ಟ ಫ್ಲಾಸ್ಕ್‌ಗಳನ್ನು ನೋಡಿ "ಖಾಲಿದು ಎಲ್ಲಿ?" ಎಂದಷ್ಟೇ ಕೇಳುತ್ತಾರೆ. ಈಗ ಕಿರಿಯರು ಕೇಳಿಸಿಕೊಳ್ಳುವ ಮೊದಲೇ ಅದನ್ನು ಇಟ್ಟಿರುತ್ತಾರೆ.

ತಾವು ಕೊಡುವ ತರಬೇತಿಯಲ್ಲಿ ಉಪಕರಣಗಳ ಸೌಲಭ್ಯ, ನಿಯಮಿತ ಭೇಟಿ, ಬರವಣಿಗೆಯನ್ನು ಬೇಗ ಶುರುಮಾಡಿಸುವ ಮಾರ್ಗದರ್ಶಕರು ಇಷ್ಟಿದ್ದರೆ ಅವರು ಗಟ್ಟಿಯಾದ ಪ್ರಬಂಧವೊಂದನ್ನು ಮುಗಿಸುತ್ತಾರೆಂಬ ನಂಬಿಕೆ ನನಗಿದೆ. ವಿದ್ಯಾರ್ಥಿಯನ್ನು ತಿಂಗಳುಗಟ್ಟಲೆ ತಮ್ಮಷ್ಟಕ್ಕೆ ಬಿಟ್ಟುಬಿಡುವ ದೊಡ್ಡ ಗುಂಪಿನಲ್ಲಿ ಅಷ್ಟೇ ಖಚಿತವಾಗಿ ಹೇಳಲಾರೆ. ಈ ಮಾತುಗಳನ್ನೆಲ್ಲ ಅವರಿಗೂ ಹೇಳಿದ್ದೇನೆ, ಹೀಗೆಯೇ ಬರೆಯಿರಿ ಎಂದು ಒಪ್ಪಿದ್ದಾರೆ.

ಹೆಚ್ಚಿನ ವಿವರ ಬೇಕಾದರೆ ಅರ್ಜಿಯಲ್ಲಿ ಕೊಟ್ಟಿರುವ ವಿಭಾಗದ ಸಂಖ್ಯೆಗೆ ಕರೆ ಮಾಡಬಹುದು. ಮಂಗಳವಾರ ಮತ್ತು ಗುರುವಾರ ಮಧ್ಯಾಹ್ನ ನಾನು ಪ್ರಯೋಗಾಲಯದಲ್ಲಿರುತ್ತೇನೆ. ಭಾರ್ಗವಿ ಅವರ ಪ್ರಯೋಗ ಪುಸ್ತಕದ ಪುಟಗಳ ಪ್ರತಿಯನ್ನು ಸಮಿತಿ ನೋಡಬಯಸಿದರೆ, ಅವರ ಒಪ್ಪಿಗೆ ಇರುವುದರಿಂದ ಕಳಿಸಿಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,

ವಸುಧಾ
ಸಹ ಪ್ರಾಧ್ಯಾಪಕಿ, ರಸಾಯನಶಾಸ್ತ್ರ ವಿಭಾಗ