ರಿಸರ್ವ್ ಟಿಪ್ಪಣಿ: ಮಳಿಗೆಯಲ್ಲಿ ಜಾರಿ ಬಿದ್ದ ಪ್ರಕರಣ, ಹೊಣೆ ವಿವಾದದಲ್ಲಿದೆ

ಗೌಪ್ಯ, ಆಂತರಿಕ ಬಳಕೆಗೆ ಮಾತ್ರ
ಇವರಿಗೆ: ವ್ಯವಸ್ಥಾಪಕರು, ಹೊಣೆಗಾರಿಕೆ ಕ್ಲೇಮ್ ವಿಭಾಗ
ಇವರಿಂದ: ಕ್ಲೇಮ್ ಅಧಿಕಾರಿ
ದಿನಾಂಕ: 4 ನವೆಂಬರ್ 2025
ಘಟನೆ: 11 ಮಾರ್ಚ್ 2025, ಬೆಳಿಗ್ಗೆ 10:40
ಪಾಲಿಸಿ ಮಿತಿ: ಪ್ರತಿ ಘಟನೆಗೆ 50 ಲಕ್ಷ ರೂ.; ಪಾಲಿಸಿದಾರರ ಪಾಲು 50,000 ರೂ.

ಕೋರಿಕೆ: ಈಗಿರುವ 4,00,000 ರೂ. ರಿಸರ್ವ್ ಅನ್ನು 13,20,000 ರೂ.ಗೆ ಏರಿಸಬೇಕು. ಇದರಲ್ಲಿ ಪರಿಹಾರಕ್ಕೆ 10,80,000, ವಕೀಲರು ಮತ್ತು ತಜ್ಞರ ವೆಚ್ಚಕ್ಕೆ 2,40,000. ಹಳೆಯ ಮೊತ್ತ ಇಟ್ಟಾಗ ನಮ್ಮ ಕೈಲಿದ್ದದ್ದು 'ಕಾಲು ಮುರಿತ' ಎಂಬ ಒಂದು ಸಾಲಿನ ವರದಿ ಮಾತ್ರ.

ಹೊಣೆ

ಫ್ರೀಜರ್‌ನಿಂದ ಸೋರಿದ ನೀರಿನ ಮೇಲೆ ಜಾರಿದೆ ಎಂದು ಹಕ್ಕುದಾರರು ಹೇಳುತ್ತಾರೆ. 10:20ಕ್ಕೆ ನೆಲ ಒರೆಸಿ ಎಚ್ಚರಿಕೆ ಫಲಕ ಇಟ್ಟಿದ್ದೆವು ಎಂಬುದು ಪಾಲಿಸಿದಾರರ ವಾದ. ಈ ವಾದ ದಾಖಲೆಗಳ ಮುಂದೆ ಗಟ್ಟಿಯಾಗಿ ನಿಲ್ಲುವುದಿಲ್ಲ. ಶುಚಿತ್ವದ ರಿಜಿಸ್ಟರಿನಲ್ಲಿ ಎರಡು ಪಾಳಿಯ ನಮೂದುಗಳೂ ಒಂದೇ ಕೈಬರಹ, ಒಂದೇ ಶಾಯಿಯಲ್ಲಿವೆ. ದಿನದ ಕೊನೆಗೆ ಒಟ್ಟಿಗೆ ಬರೆದದ್ದು ಎಂದು ಎದುರು ವಕೀಲರು ಹೇಳಿದರೆ ಅಲ್ಲಗಳೆಯುವುದು ಕಷ್ಟ. ಸಿಸಿಟಿವಿಯಲ್ಲಿ ಫಲಕ ಕಾಣುತ್ತದೆ, ಆದರೆ ಕಪಾಟಿನ ಆಚೆ ಬದಿಗೆ, ಬಿದ್ದ ಜಾಗದಿಂದ ಸುಮಾರು 6 ಮೀಟರ್ ದೂರದಲ್ಲಿ. ನೆಲದ ಮೇಲಿನ ನೀರು ಕ್ಯಾಮೆರಾಕ್ಕೆ ಸಿಕ್ಕಿಲ್ಲ.

ಎಲ್ಲಕ್ಕಿಂತ ಹೆಚ್ಚು ಹೊಡೆತ ಕೊಡುವುದು ದುರಸ್ತಿ ದಾಖಲೆ. ಫ್ರೀಜರಿನ ನೀರು ಹೊರಹೋಗುವ ಪೈಪು ಕಟ್ಟಿಕೊಂಡಿದೆ ಎಂಬ ದೂರು ಘಟನೆಗೆ 9 ದಿನ ಮೊದಲೇ ದಾಖಲಾಗಿದೆ; 'ತಾತ್ಕಾಲಿಕ ಸರಿಪಡಿಕೆ' ಎಂದು ಬರೆದು ಅದನ್ನು ಮುಚ್ಚಲಾಗಿದೆ. ಅಪಾಯ ಗೊತ್ತೇ ಇರಲಿಲ್ಲ ಎನ್ನುವ ದಾರಿ ಅಲ್ಲಿಗೆ ಮುಚ್ಚಿತು. ಏಪ್ರಿಲ್ 2ರ ಪೆಂಡುಲಮ್ ಪರೀಕ್ಷೆಯಲ್ಲಿ ಒಣ ನೆಲಕ್ಕೆ 52, ಒದ್ದೆ ನೆಲಕ್ಕೆ 19 ಬಂದಿದೆ. 36 ಮತ್ತು ಮೇಲಿದ್ದರೆ ಜಾರುವ ಸಂಭವ ಕಡಿಮೆ, 25ಕ್ಕಿಂತ ಕೆಳಗಿದ್ದರೆ ಹೆಚ್ಚು. ಪರೀಕ್ಷೆ ಮೂರು ವಾರ ತಡವಾಗಿ ನಡೆದದ್ದರಿಂದ ಅದನ್ನು ಪೋಷಕ ಸಾಕ್ಷ್ಯವಾಗಿ ಮಾತ್ರ ಪರಿಗಣಿಸಿದ್ದೇನೆ.

ನಮ್ಮ ಪರವಾಗಿರುವುದು ಎರಡು ಅಂಶ: ಬೀಳುವ 4 ಸೆಕೆಂಡು ಮೊದಲಿನವರೆಗೂ ಹಕ್ಕುದಾರರ ಕಣ್ಣು ಫೋನಿನ ಮೇಲಿತ್ತು, ಅವರ ಪಾದರಕ್ಷೆಯ ಅಟ್ಟೆ ಸವೆದು ನುಣುಪಾಗಿತ್ತು.

ಪೂರ್ಣ ಹೊಣೆ ಎಂದುಕೊಂಡರೆ ಕ್ಲೇಮಿನ ಮೌಲ್ಯ

ಹಕ್ಕುದಾರರು 41 ವರ್ಷದ ಸ್ವತಂತ್ರ ಎಲೆಕ್ಟ್ರೀಷಿಯನ್. ಕಣಕಾಲಿನ ಮೂಳೆ ಮುರಿದು ಪ್ಲೇಟು, ಸ್ಕ್ರೂ ಹಾಕಲಾಗಿದೆ. ಬೇಡಿಕೆ 42 ಲಕ್ಷ.

ಈವರೆಗಿನ ಚಿಕಿತ್ಸೆ: 4,60,000 (ಎರಡು ಸಲ ಸೇರಿಸಿದ್ದ 25,000ದ ಔಷಧಿ ಬಿಲ್ಲು ಕಳೆದು)
ಮುಂದಿನ ಚಿಕಿತ್ಸೆ: 90,000 (ಪ್ಲೇಟು ತೆಗೆಯಲು 1,20,000, ಸಂಭವ 60%, ಫಿಸಿಯೋಥೆರಪಿ 20 ಸಲ, ತಲಾ 900)
ಕಳೆದ ಆದಾಯ: 2,66,000 (7 ತಿಂಗಳು, ತಿಂಗಳಿಗೆ 38,000)
ಮುಂದಿನ ಆದಾಯ ನಷ್ಟ: 6,38,400 (ವಾರ್ಷಿಕ 4,56,000ರ 10%, ಗುಣಕ 14)
ನೋವು, ಬದುಕಿನ ಸೌಕರ್ಯ ನಷ್ಟ: 3,00,000
ಬಡ್ಡಿ: 1,23,120 (6%, 2 ವರ್ಷ, ಮುಂದಿನ ನಷ್ಟಗಳಿಗೆ ಬಡ್ಡಿ ಹಾಕಿಲ್ಲ)
ಒಟ್ಟು: 18,77,520

ಊಹೆಗಳು

ಆದಾಯ 60,000 ಎಂದು ಹಕ್ಕುದಾರರು ಹೇಳಿದ್ದಾರೆ. ಬ್ಯಾಂಕ್ ಖಾತೆ ಮತ್ತು ತೆರಿಗೆ ದಾಖಲೆ ತೋರಿಸುವುದು 38,000. ಶಸ್ತ್ರವೈದ್ಯರು ಹೇಳಿದ 18% ಆ ಕಾಲಿಗೆ ಮಾತ್ರ ಸಂಬಂಧಿಸಿದ ನ್ಯೂನತೆ, ಗಳಿಸುವ ಶಕ್ತಿಯ ನಷ್ಟವಲ್ಲ. ಅಕ್ಟೋಬರಿನಲ್ಲಿ ಹಕ್ಕುದಾರರು ಕೆಲಸಕ್ಕೆ ಮರಳಿದ್ದಾರೆ, ಏಣಿ ಹತ್ತುವ ಕೆಲಸ ಮಾತ್ರ ಬಿಟ್ಟಿದ್ದಾರೆ. ಆದ್ದರಿಂದ 10% ಹಿಡಿದಿದ್ದೇನೆ.

ಹೊಣೆಯ ಹಂಚಿಕೆ: ಹೊಣೆಯೇ ಇಲ್ಲ ಎಂದಾಗುವ ಸಂಭವ 20%, ಹಕ್ಕುದಾರರ ತಪ್ಪು 40% ಎಂದಾಗುವುದು 45%, ಅವರ ತಪ್ಪು 20% ಎಂದಾಗುವುದು 25%, ಪೂರ್ಣ ಹೊಣೆ ನಮ್ಮದು ಎಂದಾಗುವುದು 10%. ತೂಕದ ಸರಾಸರಿ 10,70,186. ಆದರೆ ಸರಾಸರಿಯಲ್ಲಿ ಸೊನ್ನೆಯೂ ಸೇರಿದೆ. ಸೋತರೆ ನಾವು ಕಟ್ಟುವ ಅತಿ ಸಂಭವನೀಯ ಮೊತ್ತ 60%, ಅಂದರೆ 11,26,512. ಅದರಲ್ಲಿ ಪಾಲಿಸಿದಾರರ 50,000 ಕಳೆದು, ಮೇಲಕ್ಕೆ ಸರಿಹೊಂದಿಸಿ 10,80,000 ಇಟ್ಟಿದ್ದೇನೆ.

ವೆಚ್ಚ: ವಕೀಲರು 1,60,000, ನೆಲದ ತಜ್ಞರು 45,000, ವೈದ್ಯಕೀಯ ಅಭಿಪ್ರಾಯ 35,000. ದಾವೆ ವಿಚಾರಣೆಯ ಹಂತಕ್ಕೆ ಹೋಗುತ್ತದೆ ಎಂಬ ಲೆಕ್ಕವಿದು.

ಫ್ರೀಜರ್ ನಿರ್ವಹಣೆಯ ಗುತ್ತಿಗೆದಾರರಿಂದ ವಸೂಲಿಗೆ ಅವಕಾಶವಿದೆ, ನೋಟಿಸು ಹೋಗಿದೆ. ಉತ್ತರ ಬಾರದ ಹಣವನ್ನು ರಿಸರ್ವ್‌ನಿಂದ ಕಳೆದಿಲ್ಲ. ಹಾಗೆ ಕಳೆದು ಆಮೇಲೆ ಹಂತಹಂತವಾಗಿ ಏರಿಸುತ್ತ ಹೋಗುವುದು ಲೆಕ್ಕಪತ್ರಕ್ಕೂ ಮರುವಿಮೆಗೂ ಹಾನಿ. ಈ ಮೊತ್ತ ರಾಜಿ ಪ್ರಸ್ತಾಪವೂ ಅಲ್ಲ. ಎದುರು ಪಕ್ಷದ ಕಿವಿಗೆ ಬೀಳಬಾರದು.

ಮರುಪರಿಶೀಲನೆ

60,000 ಆದಾಯ ಸಾಬೀತಾದರೆ ಪರಿಹಾರದ ರಿಸರ್ವ್ ಸುಮಾರು 3,25,000 ಏರಬೇಕು. ಗಳಿಕೆಯ ನಷ್ಟ 18% ಎಂದು ವೈದ್ಯಕೀಯ ಮಂಡಳಿ ಹೇಳಿದರೆ ಸುಮಾರು 3,06,000. 10:20ಕ್ಕೆ ನೆಲ ಒರೆಸಿದ ನೌಕರರ ಹೇಳಿಕೆ ಇನ್ನೂ ಪಡೆದಿಲ್ಲ. ಅವರು ಕೆಲಸ ಬಿಟ್ಟಿದ್ದಾರೆ, ನವೆಂಬರ್ 20ರೊಳಗೆ ಹುಡುಕಿ ಮಾತಾಡಿಸಬೇಕು. ಅವರ ಮಾತು ರಿಜಿಸ್ಟರಿಗೆ ಬಲ ಕೊಟ್ಟರೆ ಹೊಣೆಯಿಲ್ಲ ಎಂಬ 20% ಮೇಲೇರುತ್ತದೆ. ಕೊಡದಿದ್ದರೆ ಆ ವಾದ ಬಿಟ್ಟು ರಾಜಿಗೆ ಅನುಮತಿ ಕೇಳುತ್ತೇನೆ.