ಚಿನ್ನಿಯ ಅಕ್ಕೋರಿಗೆ

ಪ್ರೀತಿಯ ಅಕ್ಕೋರಿಗೆ ಗೌರವಪೂರ್ವಕ ನಮಸ್ಕಾರಗಳು.

ಚಿನ್ನಿಯ ತಂದೆಯವರಿಗೆ ಬೀದರಿಗೆ ವರ್ಗವಾಗಿರುವುದರಿಂದ ನಾವು ಮುಂದಿನ ವಾರ ಕಲಬುರಗಿಯನ್ನು ಬಿಡುತ್ತಿದ್ದೇವೆ; ಜೂನ್ ತಿಂಗಳಿನಿಂದ ಅವಳು ಅಲ್ಲಿಯ ಶಾಲೆಗೆ ಹೋಗುತ್ತಾಳೆ. ಈ ವಿಷಯವನ್ನು ನಿಮಗೆ ತಿಳಿಸಿದ ದಿನ ಬಾಗಿಲಲ್ಲಿ ಮಕ್ಕಳನ್ನು ಕರೆದೊಯ್ಯಲು ಬಂದವರ ಗದ್ದಲವಿದ್ದುದರಿಂದ, ಮನಸ್ಸಿನಲ್ಲಿದ್ದುದನ್ನು ಹೇಳಲಾಗದೆ ಹಿಂತಿರುಗಿದೆ.

ನಿಮ್ಮಲ್ಲಿಗೆ ಬರುವ ಮೊದಲು ಬೇರೊಂದು ಕಡೆ ಅವಳನ್ನು ನನ್ನ ಕೈಯಿಂದ ಬಿಡಿಸಿಕೊಂಡು ಬಾಗಿಲು ಹಾಕಿಕೊಂಡಿದ್ದರು. ಅಂದಿನಿಂದ ಮುಚ್ಚಿದ ಬಾಗಿಲು ಕಂಡರೆ ಸಾಕು, ಮಗು ಬೆವರುತ್ತಿತ್ತು. ನಿಮ್ಮ ಶಾಲೆಯ ಮೆಟ್ಟಿಲಲ್ಲಿ ಅವಳು ನನ್ನ ಸೆರಗು ಹಿಡಿದು ನಿಂತಾಗ ನೀವು ಅವಳನ್ನು ಕರೆಯಲೂ ಇಲ್ಲ, ರಮಿಸಲೂ ಇಲ್ಲ. ಪಕ್ಕದಲ್ಲಿ ಕುಳಿತು ಬಳಪದಿಂದ ನೆಲದ ಮೇಲೆ ಒಂದು ಗಿಳಿಯನ್ನು ಬರೆದು, ಕಣ್ಣೊಂದನ್ನು ಬಿಟ್ಟು, ಬಳಪವನ್ನು ಅಲ್ಲೇ ಇಟ್ಟಿರಿ. ಬಹಳ ಹೊತ್ತಿನ ನಂತರ ಚಿನ್ನಿ ಸೆರಗು ಬಿಟ್ಟು ಕುಳಿತು ಕಣ್ಣಿಟ್ಟಳು. ಅದು ಕೊಕ್ಕಿನ ಆಚೆ ಬಿದ್ದಿತ್ತು. ನೀವು ತಿದ್ದಲಿಲ್ಲ, ‘ಈಗ ಗಿಳಿಗೆ ಕಾಣ್ತದ ನೋಡು’ ಎಂದಿರಿ. ಅವಳು ಒಳಗೆ ಬರುವವರೆಗೆ ಹನ್ನೊಂದು ದಿನ ಹೀಗೆಯೇ ನಡೆಯಿತು. ಅಷ್ಟು ದಿನವೂ ನೀವು ಬಾಗಿಲನ್ನು ತೆರೆದೇ ಇಟ್ಟಿದ್ದಿರಿ. ತಾಯಿಯಾದ ನನಗೇ ಅಷ್ಟು ತಾಳ್ಮೆ ಇರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು.

ಚಮಚ ಕಂಡರೆ ಮುಖ ತಿರುಗಿಸುತ್ತಿದ್ದವಳಿಗೆ ಜೋಳದ ರೊಟ್ಟಿಯನ್ನು ಬ್ಯಾಳಿಯಲ್ಲಿ ನೆನೆಸಿ, ಕೈಯಿಂದಲೇ ತಿನ್ನಲು ಕಲಿಸಿದವರು ನೀವು. ಏಪ್ರಿಲ್ ಬಿಸಿಲಿನಲ್ಲಿ ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ, ಪ್ರತಿ ಮಗುವಿನ ಬಾಟಲಿಯಲ್ಲಿ ನೀರೆಷ್ಟು ಉಳಿದಿದೆ ಎಂದು ಎತ್ತಿ ನೋಡುತ್ತಿದ್ದುದನ್ನು ನಾನು ಹಲವು ಸಲ ಕಂಡಿದ್ದೇನೆ. ಸಹಾಯಕಿಯಾಗಿರುವ ಆಯಾ ಅವರಿಗೂ ನಮ್ಮ ಕೃತಜ್ಞತೆಯನ್ನು ದಯವಿಟ್ಟು ತಿಳಿಸಿರಿ.

ಊರು ಬಿಡುವ ಮಾತನ್ನು ಅವಳಿಗೆ ಹೇಳಿದಾಗ, ಬೀದರಿನ ರೈಲಿನಲ್ಲಿ ಅಕ್ಕೋರೂ ಬರುತ್ತಾರೆಯೇ ಎಂದು ಕೇಳಿದಳು. ಬರುವುದಿಲ್ಲವೆಂದು ಹೇಳಿದ್ದೇವೆ, ಸುಳ್ಳು ಹೇಳಿ ಅವಳನ್ನು ಹೊರಡಿಸಲು ಮನಸ್ಸಾಗಲಿಲ್ಲ. ಹೊಸ ಶಾಲೆಯ ಶಿಕ್ಷಕಿಯವರಿಗೆ ಕೊಡಲು, ಅವಳ ಸ್ವಭಾವ ಮತ್ತು ಅಭ್ಯಾಸಗಳ ಬಗ್ಗೆ ನಾಲ್ಕು ಸಾಲು ಬರೆದುಕೊಟ್ಟರೆ ಬಹಳ ಉಪಕಾರವಾಗುತ್ತದೆ. ಮೊದಲ ಕೆಲವು ದಿನ ಬಾಗಿಲು ಮುಚ್ಚಬಾರದೆಂಬುದನ್ನು ನನಗಿಂತ ನೀವು ಹೇಳಿದರೆ ಅದಕ್ಕೆ ಹೆಚ್ಚು ತೂಕವಿರುತ್ತದೆ.

ಶನಿವಾರ ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಚಿನ್ನಿಯೊಂದಿಗೆ ನಿಮ್ಮನ್ನು ಕಾಣಲು ಬರುತ್ತೇವೆ. ಶೇಂಗಾ ಹೋಳಿಗೆ ಮಾಡಿ ತರುತ್ತಿದ್ದೇನೆ. ಅದರಲ್ಲಿ ಒಂದನ್ನು ತಾನೇ ತಟ್ಟುವುದಾಗಿ ಅವಳು ಹಟ ಹಿಡಿದಿದ್ದಾಳೆ. ಅದು ಹೇಗೇ ಬಂದರೂ ನಾನು ತಿದ್ದುವುದಿಲ್ಲ, ಅದನ್ನು ನೀವೇ ತಿನ್ನಬೇಕು.

ಇಂತಿ ನಿಮ್ಮ ವಿಶ್ವಾಸಿ,
ಚಿನ್ನಿಯ ತಾಯಿ